ನಡಾವಳಿ ಅಕ್ಕ ಪೆನ್ನು ಕೆಳಗಿಟ್ಟ ದಿನ

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಿಕ್ಕವರಿಗೆಲ್ಲ ಅವಳು ನಡಾವಳಿ ಅಕ್ಕ. ಕೆಲಸವೇನೋ ಟಪಾಲು ವಿಭಾಗದಲ್ಲಿ. ಬಂದ ಕಾಗದಕ್ಕೆ ಮುದ್ರೆ ಒತ್ತುವುದು, ಹೋಗುವ ಕಾಗದಕ್ಕೆ ಸಹಿ ತೆಗೆದುಕೊಳ್ಳುವುದು. ಆದರೆ ಯಾರಾದರೂ ಮೇಲಿನವರ ಮೇಲೆ ದೂರು ಕೊಟ್ಟರೆ, ಆ ದೂರಿನ ವಿಚಾರಣೆ ನಡೆದರೆ, ಅಲ್ಲಿ ಯಾರು ಏನು ಹೇಳಿದರು ಅಂತ ಬರೆಯುವುದಕ್ಕೆ ಹತ್ತೊಂಬತ್ತು ವರ್ಷದಿಂದ ಅವಳೇ. ಹಾಗೆ ಬರೆದದ್ದಕ್ಕೆ ನಡಾವಳಿ ಅನ್ನುತ್ತಾರಲ್ಲ, ಅದೇ ಅವಳಿಗೆ ಅಂಟಿಕೊಂಡಿತ್ತು.

ವಿಚಾರಣೆ ಅಂದರೆ ಕೋರ್ಟು ಕಚೇರಿಯಂತೆ ಏನೂ ಅಲ್ಲ. ಒಂದು ಉದ್ದನೆ ಮೇಜು. ತಲೆಯ ಕಡೆ ಆಡಳಿತಾಧಿಕಾರಿ. ಒಂದು ಪಕ್ಕ ದೂರು ಕೊಟ್ಟವರು, ಅವರ ಜೊತೆಗೆ ಬೇಕಾದರೆ ನೌಕರರ ಸಂಘದವರೊಬ್ಬರು. ಎದುರು ಪಕ್ಕ ಯಾರ ಮೇಲೆ ದೂರೋ ಅವರು. ಕಾಲಿನ ಕಡೆ, ಯಾವ ಪಕ್ಕಕ್ಕೂ ಸೇರದ ಕುರ್ಚಿಯಲ್ಲಿ, ನಡಾವಳಿ ಅಕ್ಕ. ಆ ಕುರ್ಚಿಯನ್ನು ಅವಳೇ ಮೊದಲು ಬಂದು ಎಳೆದು ಸರಿಯಾಗಿ ನಡುವಿಗೆ ಹಾಕುತ್ತಿದ್ದಳು. ಒಂದು ಗೇಣು ಆ ಕಡೆ ಈ ಕಡೆ ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಅವಳ ಕ್ರಮ ಎಲ್ಲರಿಗೂ ಗೊತ್ತಿತ್ತು. ಹಾಳೆಯ ಎಡಕ್ಕೆ ಮಾತಾಡಿದವರು ಯಾರು, ಬಲಕ್ಕೆ ಏನು ಮಾತಾಡಿದರು. ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಬರೆಯುವುದಿಲ್ಲ, ಸಾರ ಸಾಕು. ಆದರೆ ಜಗಳ ಯಾವ ಮಾತಿನ ಮೇಲೆ ನಿಂತಿದೆಯೋ ಆ ಮಾತು ಮಾತ್ರ ಬಾಯಿಂದ ಬಂದ ಹಾಗೇ. ಯಾರಾದರೂ ಅತ್ತರೆ "ಅತ್ತರು" ಅಂತ ಬರೆಯುತ್ತಾಳೆ, "ಪಶ್ಚಾತ್ತಾಪದಿಂದ ಅತ್ತರು" ಅಂತ ಬರೆಯುವುದಿಲ್ಲ. ಪುಟ ತುಂಬಿದ ಕೂಡಲೇ ಮಾತು ನಿಲ್ಲಿಸಿ ಗಟ್ಟಿಯಾಗಿ ಓದುತ್ತಾಳೆ. ತಪ್ಪಿದ್ದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವ ಹಾಗೆ ಬಿಟ್ಟು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಇಬ್ಬರಿಂದಲೂ ಚಿಕ್ಕ ಸಹಿ. ಪುಟದ ಕೊನೆಯಲ್ಲಿ ಜಾಗ ಉಳಿದರೆ ಅಡ್ಡಗೆರೆ, ಆಮೇಲೆ ಯಾರೂ ಅಲ್ಲಿ ಏನೂ ತುರುಕಬಾರದು. ಕೆಳಗೆ ಎರಡೂ ಕಡೆಯವರ ಸಹಿ. ಸಹಿ ಹಾಕಿದರೆ ಬರೆದದ್ದೆಲ್ಲ ನಿಜ ಅಂತ ಒಪ್ಪಿದ ಹಾಗಲ್ಲ, ಇಲ್ಲಿ ಈ ಮಾತು ನಡೆಯಿತು ಅಂತ ಒಪ್ಪಿದ ಹಾಗೆ, ಅಷ್ಟೇ. ಈ ಮಾತನ್ನು ಪ್ರತಿ ವಿಚಾರಣೆಗೂ ಮೊದಲು ಅವಳು ಹೇಳುತ್ತಿದ್ದಳು. ಹೇಳಿ ಹೇಳಿ ಆಸ್ಪತ್ರೆಯ ಗೋಡೆಗೂ ಬಾಯಿಪಾಠ ಆಗಿತ್ತು.

ಇಷ್ಟು ಕಟ್ಟುನಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಮೊದಲನೇ ವರ್ಷ ಗೇಟಿನ ಕಾವಲುಗಾರನೊಬ್ಬನ ವಿಚಾರಣೆಯಲ್ಲಿ ಕೂತಿದ್ದಳು. ಔಷಧಿ ಪೆಟ್ಟಿಗೆ ಹೊರಗೆ ಹೋಗುವಾಗ ನೀನು ಎಲ್ಲಿದ್ದೆ ಅಂತ ಕೇಳಿದರು. ಅವನು ಸುಮ್ಮನೆ ಕೂತ. ಮತ್ತೆ ಕೇಳಿದರು. ಮತ್ತೂ ಸುಮ್ಮನೆ. ಹೊಸ ಹುರುಪಿನ ಹುಡುಗಿ, ವಾಕ್ಯ ಚೆನ್ನಾಗಿ ಮುಗಿಯಲಿ ಅಂತ "ಜಾಗದಲ್ಲಿ ಇರಲಿಲ್ಲವೆಂದು ಒಪ್ಪಿಕೊಂಡರು" ಅಂತ ಬರೆದುಬಿಟ್ಟಳು. ಅವನು ಓದದೆ ಸಹಿ ಹಾಕಿದ. ತಿಂಗಳೊಳಗೆ ಕೆಲಸ ಹೋಯಿತು. ಅವನು ಮೂತ್ರಕ್ಕೆ ಹೋಗಿದ್ದನಂತೆ, ಹೆಂಗಸರ ಮುಂದೆ ಹೇಳಲು ನಾಚಿಕೆ ಪಟ್ಟನಂತೆ. ಇದು ಅವಳ ಕಿವಿಗೆ ಬಿದ್ದಾಗ ಅವನು ಊರೇ ಬಿಟ್ಟಾಗಿತ್ತು. ಅವತ್ತಿಂದ ಅವಳ ಹಾಳೆಗಳಲ್ಲಿ ಮೌನಕ್ಕೆ ಬೇರೆ ಅರ್ಥವಿಲ್ಲ. "ಉತ್ತರ ಕೊಡಲಿಲ್ಲ." ಮುಗಿಯಿತು.

ಇನ್ನೊಂದು ನಿಯಮವೂ ಇತ್ತು. ವಿಚಾರಣೆಯ ದಿನ ಅವಳು ಯಾರ ಕೈಯಿಂದಲೂ ಟೀ ಕುಡಿಯುವುದಿಲ್ಲ, ಯಾರ ಜೊತೆಗೂ ಮೆಟ್ಟಿಲು ಹತ್ತುವುದಿಲ್ಲ, ಬಿಡುವು ಕೊಟ್ಟರೆ ಕುರ್ಚಿ ಬಿಟ್ಟು ಏಳುವುದಿಲ್ಲ. ಮನೆಯಿಂದ ತಂದ ನೀರಿನ ಬಾಟಲಿ ಕಾಲ ಹತ್ತಿರ ಇರುತ್ತಿತ್ತು. ಇದನ್ನು ಕೇಳಿ ಅವಳ ಅತ್ತೆ ನಗುತ್ತಿದ್ದರು. "ಮನೇಲೂ ಹಿಂಗೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು. ನನ್ ಮಗನಿಗೂ ನನಗೂ ಜಗಳ ಆದಾಗ ಒಂದ್ ಸಲಾನಾದ್ರೂ ನಡುವೆ ಕೂತಿದೀಯಾ ನೀನು?"

ಅತ್ತೆಯ ಮಾತು ಸುಳ್ಳಲ್ಲ. ಮನೆಯಲ್ಲಿ ಅವಳು ಪಕ್ಕಾ ಗಂಡನ ಪಕ್ಷ. ಪೆನ್ನು ಕೆಳಗಿಟ್ಟ ಆ ದಿನ ಬೆಳಗ್ಗೆಯೂ ಫ್ಯಾನು ಹಾಕುವ ವಿಷಯಕ್ಕೆ ಅತ್ತೆಗೂ ಅವಳಿಗೂ ನಾಲ್ಕು ಮಾತು ಬಂದು, ಮುಖ ಊದಿಸಿಕೊಂಡು ಬಸ್ಸು ಹತ್ತಿದಳು. ನೀರಿನ ಬಾಟಲಿ ಅಡುಗೆಕಟ್ಟೆಯ ಮೇಲೇ ಉಳಿಯಿತು.

ಅವತ್ತಿನ ದೂರು ಬಟ್ಟೆ ಒಗೆಯುವ ವಿಭಾಗದ್ದು. ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಒಗೆದು ಬಂದ ಮೇಲೆ ದೊಡ್ಡ ರೋಲರ್ ಇಸ್ತ್ರಿ ಯಂತ್ರದೊಳಗೆ ಹೋಗುತ್ತವೆ. ಆ ಕಾದ ರೋಲರಿನ ಬಾಯಿಯ ಮುಂದೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಕೈ ತಗಲಿದರೆ ಯಂತ್ರ ತಾನೇ ನಿಲ್ಲಬೇಕು, ಅದಕ್ಕೆ. ಎಲ್ಲರೂ ಅದನ್ನು ಗಾರ್ಡು ಅನ್ನುತ್ತಾರೆ. ಆರು ವಾರದ ಹಿಂದೆ ಆ ಗಾರ್ಡನ್ನು ತಂತಿಯಿಂದ ಹಿಂದಕ್ಕೆ ಕಟ್ಟಿ ಯಂತ್ರ ಓಡಿಸುವಾಗ, ಅಲ್ಲಿ ಕೆಲಸ ಮಾಡುವ ಹೆಂಗಸಿನ ಬಲಗೈಯ ನಾಲ್ಕು ಬೆರಳು ಸುಟ್ಟವು. ಇಸ್ತ್ರಿಯಮ್ಮ ಅಂತ ಎಲ್ಲರೂ ಕರೆಯುವ ಗಟ್ಟಿಗಿತ್ತಿ ಅವಳು. ಕೈಯ ಗಾಯ ಒಣಗುವ ಮೊದಲೇ ಮೆಮೊ ಬಂತು: ತಾನೇ ಗಾರ್ಡು ಕಟ್ಟಿ, ನಿಯಮ ಮೀರಿ ಯಂತ್ರ ನಡೆಸಿದ್ದಾಳೆ. ತಡವಾಗಿ ಬಂದದ್ದಕ್ಕೆ ಅಂತ ಅವಳ ಮೇಲೆ ಹಿಂದೆಯೇ ಎರಡು ಮೆಮೊ ಇದ್ದವು. ಇದು ಮೂರನೆಯದು. ಮೂರು ನಿಂತರೆ ಮನೆಗೆ.

ಅವಳು ದೂರು ಬರೆದು ಕೊಟ್ಟಳು. ಗಾರ್ಡು ಕಟ್ಟಿಸಿದ್ದು ಸೂಪರ್‌ವೈಸರು, ನಾನಲ್ಲ, ಈ ಮೆಮೊ ವಾಪಸ್ ತಗೊಳ್ಳಿ.

ಸೂಪರ್‌ವೈಸರು ಕೆಟ್ಟ ಮನುಷ್ಯ ಅಂತ ಯಾರೂ ಹೇಳುವುದಿಲ್ಲ. ದಪ್ಪ ಕನ್ನಡಕ, ಬಗ್ಗಿದ ಬೆನ್ನು, ನಿವೃತ್ತಿಗೆ ಒಂದೂವರೆ ವರ್ಷ. ನಡಾವಳಿ ಅಕ್ಕನ ಮೇಲೆ ಅವನಿಗೆ ಎಲ್ಲಿಲ್ಲದ ನಂಬಿಕೆ. ಇಷ್ಟು ವರ್ಷದಲ್ಲಿ ನಾಲ್ಕೈದು ವಿಚಾರಣೆಗೆ ಬಂದಿದ್ದಾನೆ, ಒಂದು ಸಲವೂ ಓದಿ ಸಹಿ ಹಾಕಿದವನಲ್ಲ. ಅವತ್ತೂ ಮೊದಲ ಪುಟ ಮುಂದಿಟ್ಟಾಗ ಪೆನ್ನು ತೆಗೆದು ಕೆಳಗೆ ಗೀಚಲು ಹೋದ.

"ಓದಿ ಸಾರ್," ಅಂದಳು ಅಕ್ಕ.

"ನೀವ್ ಬರೆದ್ಮೇಲೆ ಓದೋದೇನಿದೆ ಅಕ್ಕ. ಆ ಕನ್ನಡಕ ಬೇರೆ ಒರೆಸ್ಬೇಕು."

"ಒರೆಸ್ಕೊಳ್ಳಿ. ಕಾಯ್ತೀನಿ."

ಅವನು ಕನ್ನಡಕ ಒರೆಸಿದ, ಹಾಳೆಯ ಮೇಲೆ ಕಣ್ಣಾಡಿಸಿದ ಹಾಗೆ ಮಾಡಿ ಸಹಿ ಹಾಕಿದ. ಓದಲಿಲ್ಲ ಅಂತ ಅವಳಿಗೆ ಗೊತ್ತಾಯಿತು. ಓದುವವರ ಕಣ್ಣು ಬೇರೆ ಥರ ಓಡುತ್ತದೆ.

ಮೊದಲ ಎರಡು ಪುಟದಲ್ಲಿ ಹೊಸದೇನಿಲ್ಲ. ಆಡಳಿತಾಧಿಕಾರಿ ದೂರು ಓದಿದರು. ಅವರು ಬಂದು ವರ್ಷವಾಗಿಲ್ಲ, ಎಲ್ಲ ಕೆಲಸವೂ ಹನ್ನೆರಡರೊಳಗೆ ಮುಗಿಯಬೇಕು ಅನ್ನುವ ಜಾತಿ. ಇಸ್ತ್ರಿಯಮ್ಮ ತನ್ನ ಕಥೆ ಹೇಳಿದಳು. ದಪ್ಪ ಹಾಸು ಹೋದಾಗಲೆಲ್ಲ ಗಾರ್ಡು ಸುಮ್ಮಸುಮ್ಮನೆ ಬಡಿದು ಯಂತ್ರ ನಿಲ್ಲುತ್ತಿತ್ತು, ಅವತ್ತು ಆಪರೇಷನ್ ಕೋಣೆಯಿಂದ ಮೂರು ಸಲ ಫೋನು ಬಂತು, ಸೂಪರ್‌ವೈಸರೇ ತಂತಿ ತಂದು ಕೊಟ್ಟು "ಕಟ್ಟಿ ಓಡಿಸು, ನಾನಿದೀನಿ" ಅಂದರು. "ಕಟ್ಟಿ ಓಡಿಸು, ನಾನಿದೀನಿ" ಅನ್ನುವುದನ್ನು ಅಕ್ಕ ಹಾಗೇ ಬರೆದಳು. ಸೂಪರ್‌ವೈಸರು ಅಂಥ ಮಾತು ಆಡಲೇ ಇಲ್ಲ ಅಂದ. ಅದನ್ನೂ ಹಾಗೇ ಬರೆದಳು. ಆ ಹೊತ್ತು ಯಂತ್ರದ ಹತ್ತಿರ ಮೂರನೆಯವರು ಯಾರೂ ಇರಲಿಲ್ಲ ಅಂತ ಇಬ್ಬರೂ ಒಪ್ಪಿದರು. ಸಂಘದ ಕಾರ್ಯದರ್ಶಿ, ಮೇಜು ಕುಟ್ಟಿ ಮಾತಾಡುವ ಮನುಷ್ಯ, ಹಾಗಾದರೆ ತಂತಿ ಆಕಾಶದಿಂದ ಬಿತ್ತಾ ಅಂತ ಕೇಳಿದ. ಸೂಪರ್‌ವೈಸರು ಸುಮ್ಮನೆ ಕೂತ. ಉತ್ತರ ಕೊಡಲಿಲ್ಲ ಅಂತ ಬರೆದಳು. ಬರೆಯುವಾಗ ಹಳೇ ಕಾವಲುಗಾರನ ನೆನಪಾಯಿತು. ಪ್ರತಿ ಸಲವೂ ಆಗುತ್ತದೆ.

ಅಷ್ಟರಲ್ಲಿ ಆಡಳಿತಾಧಿಕಾರಿಗಳಿಗೆ ಫೋನು ಬಂತು. ಹತ್ತು ನಿಮಿಷ ಬಿಡುವು ಅಂದರು. ಅಕ್ಕ ಗಡಿಯಾರ ನೋಡಿ "ಹನ್ನೊಂದೂ ಇಪ್ಪತ್ತು, ಬಿಡುವು" ಅಂತ ಬರೆದು, ಕಾಲ ಹತ್ತಿರ ಕೈ ಹಾಕಿದಳು. ಬಾಟಲಿ ಇಲ್ಲ. ಎರಡು ಗಂಟೆ ಗಟ್ಟಿಯಾಗಿ ಓದಿ ಓದಿ ನಾಲಿಗೆ ಒಣಗಿ ಅಂಟುತ್ತಿತ್ತು. ತಡೆದುಕೊಂಡಳು, ಆಗಲಿಲ್ಲ. ಹಾಳೆಗಳನ್ನು ಆಡಳಿತಾಧಿಕಾರಿಗಳ ಮುಂದೆ ಕಡತದಲ್ಲಿಟ್ಟು ಕುರ್ಚಿ ಬಿಟ್ಟು ಎದ್ದಳು.

ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ.

ನೀರಿನ ಫಿಲ್ಟರು ಇದ್ದದ್ದು ಹಿಂದಿನ ಓಣಿಯಲ್ಲಿ. ವಾರ್ಡುಗಳಿಂದ ಬಂದ ಕೊಳೆ ಬಟ್ಟೆಯ ಎತ್ತರದ ತಳ್ಳುಗಾಡಿಗಳು ಅದರ ಪಕ್ಕದಲ್ಲೇ ಸಾಲಾಗಿ ನಿಂತಿರುತ್ತವೆ. ಲೋಟ ಹಿಡಿದು ಬಗ್ಗಿದ್ದಳು. ಗಾಡಿಗಳ ಆ ಕಡೆಯಿಂದ ಸೂಪರ್‌ವೈಸರ ದನಿ ಕೇಳಿತು.

"ಕೈ ಹೆಂಗಿದೆಯಮ್ಮ? ಇನ್ನೂ ಉರಿ ಇದೆಯಾ?"

"ಇಲ್ಲೇನೋ ಕೇಳ್ತೀರ. ಒಳಗೆ ಹೇಳಿ," ಅಂದಳು ಇಸ್ತ್ರಿಯಮ್ಮ.

"ಹೆಂಗ್ ಹೇಳ್ಲಿ? ನಾನೇ ಕಟ್ಟು ಅಂದೆ, ತಂತೀನೂ ನಾನೇ ಕೊಟ್ಟೆ. ಗೊತ್ತಿಲ್ವಾ ನನಗೆ? ಅದು ಕೆಟ್ಟಿದೆ ಅಂತ ಅದಕ್ಕೂ ಮುಂಚೇನೇ ರಿಪೇರಿಗೆ ಎರಡು ಚೀಟಿ ಬರೆದು ಮೇಲೆ ಕೊಟ್ಟೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಈಗ ಬಾಯಿ ಬಿಟ್ರೆ ಅವರು ಚೀಟಿ ನುಂಗಿ ನನ್ನ ಮೇಲೆ ಎಳೀತಾರೆ. ಒಂದೂವರೆ ವರ್ಷ ಇದೆ ನನಗೆ. ನಿನಗಾದ್ರೆ ವಯಸ್ಸಿದೆ, ಬೇರೆ ಕಡೆ ಸಿಗುತ್ತೆ."

"ಈ ಕೈ ನೋಡಿ ಯಾರು ಕೊಡ್ತಾರೆ?"

ಅವನು ಚಪ್ಪಲಿ ಎಳೆದುಕೊಂಡು ಹೋದ ಸದ್ದು ಮಾತ್ರ ಬಂತು. ಅಕ್ಕನ ಕೈಯಲ್ಲಿದ್ದ ಲೋಟ ತುಂಬಿ ಹೊರಗೆ ಚೆಲ್ಲುತ್ತಿತ್ತು. ನಲ್ಲಿ ತಿರುಗಿಸಿದಳು. ನೀರು ಕುಡಿದಳೋ ಇಲ್ಲವೋ ಆಮೇಲೆ ನೆನಪಾಗಲಿಲ್ಲ.

ವಾಪಸ್ ಬರುವಾಗ ಅವಳು ತನಗೆ ತಾನೇ ಒಂದೇ ಮಾತು ಹೇಳಿಕೊಂಡಳು. ಅದು ಬಿಡುವಿನಲ್ಲಿ ನಡೆದದ್ದು. ಮೇಜಿನ ಮೇಲೆ ಬರದ ಮಾತು ಹಾಳೆಯ ಮೇಲೆ ಬರಬಾರದು. ಇದು ಅವಳದೇ ನಿಯಮ. ಎಷ್ಟು ಜನರಿಗೆ ತಾನೇ ಪಾಠ ಮಾಡಿಲ್ಲ? ನಿಯಮ ಸರಿಯಾಗೇ ಇತ್ತು.

ಹನ್ನೊಂದೂ ಮೂವತ್ತೈದಕ್ಕೆ ಮತ್ತೆ ಶುರು. ಇಸ್ತ್ರಿಯಮ್ಮ ಕೂತದ್ದೇ ಹೇಳಿದಳು, ಈಗ ಹೊರಗೆ ಇವರೇ ನನ್ನ ಮುಂದೆ ಒಪ್ಪಿಕೊಂಡರು, ಕಟ್ಟು ಅಂದದ್ದು ನಾನೇ ಅಂದರು ಅಂತ. ಆಡಳಿತಾಧಿಕಾರಿ ಸೂಪರ್‌ವೈಸರ ಕಡೆ ತಿರುಗಿದರು. ಅವನು ಮೇಜಿನ ಮರದ ಗೆರೆಗಳನ್ನು ನೋಡುತ್ತಾ, ನಾನು ಹೊರಗೆ ಕೈ ಹೇಗಿದೆ ಅಂತ ಕೇಳಿದೆ ಅಷ್ಟೇ, ಬೇರೆ ಮಾತೇ ಆಡಿಲ್ಲ ಅಂದ. ಯಾರಾದರೂ ಕೇಳಿಸಿಕೊಂಡವರು ಇದ್ದಾರಾ ಅಂತ ಅಧಿಕಾರಿ ಇಸ್ತ್ರಿಯಮ್ಮನನ್ನು ಕೇಳಿದರು.

"ಯಾರೂ ಇರ್ಲಿಲ್ಲ ಸಾರ್," ಅಂದಳು ಅವಳು. ಗಾಡಿಯ ಹಿಂದೆ ಯಾರಿದ್ದರು ಅಂತ ಅವಳಿಗೇನು ಗೊತ್ತು?

ಅಕ್ಕ ಬರೆದಳು. ಎಡಕ್ಕೆ ದೂರುದಾರರು, ಬಲಕ್ಕೆ ಅವರ ಮಾತು. ಎಡಕ್ಕೆ ಸೂಪರ್‌ವೈಸರು, ಬಲಕ್ಕೆ "ಬೇರೆ ಮಾತೇ ಆಡಿಲ್ಲ." ಎಡಕ್ಕೆ ಅಧಿಕಾರಿಗಳ ಪ್ರಶ್ನೆ, ಬಲಕ್ಕೆ "ಯಾರೂ ಇರಲಿಲ್ಲ." ಸುಳ್ಳು ಅಂತ ಗೊತ್ತಿರುವ ಎರಡು ಸಾಲು ತನ್ನದೇ ದುಂಡು ಅಕ್ಷರದಲ್ಲಿ, ಒಂದು ಚಿತ್ತಿಲ್ಲದೆ ಕೂತವು. ಬರೆದದ್ದರಲ್ಲಿ ಏನೂ ತಪ್ಪಿರಲಿಲ್ಲ. ಅಲ್ಲಿ ನಡೆದದ್ದು ಅದೇ. ಆದರೆ ಮುಂದಿನ ಸಾಲಿಗೆ ಪೆನ್ನು ಏಳಲಿಲ್ಲ. ಇನ್ನು ಮೇಲೆ ಇವನು ಹೇಳಿದ್ದನ್ನು ಬರೆಯುವಾಗ ನನ್ನ ಕೈ ಗಟ್ಟಿಯಾಗಿ ಒತ್ತುತ್ತದೆ, ಅವಳು ಹೇಳಿದ್ದನ್ನು ಬರೆಯುವಾಗ ಮೆತ್ತಗಾಗುತ್ತದೆ, ಯಾರಿಗೂ ಕಾಣಿಸುವುದಿಲ್ಲ, ನನಗೆ ಗೊತ್ತಿರುತ್ತದೆ ಅನ್ನಿಸಿತು. ಕುರ್ಚಿ ನಡುವಿಗಿತ್ತು. ಅವಳು ನಡುವಿಗೆ ಇರಲಿಲ್ಲ.

ಅವಳು ಪುಟವನ್ನು ಗಟ್ಟಿಯಾಗಿ ಓದಿದಳು. ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದಳು. ಇಬ್ಬರ ಸಹಿ ತೆಗೆದುಕೊಂಡಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹಾಳೆಗಳ ಮೇಲೆ ಅಡ್ಡಕ್ಕಿಟ್ಟಳು.

"ಸಾರ್, ಇಲ್ಲಿಂದ ಮುಂದಕ್ಕೆ ಬೇರೆಯವರ ಕೈಲಿ ಬರೆಸಿ."

ಅಧಿಕಾರಿ ಗಡಿಯಾರ ನೋಡಿದರು. "ಯಾಕಮ್ಮ, ಹುಷಾರಿಲ್ವಾ?"

"ಬಿಡುವಲ್ಲಿ ನೀರಿಗೆ ಹೋಗಿದ್ದೆ. ಗಾಡಿಗಳ ಹಿಂದೆ ಇದ್ದೆ. ಇವರಿಬ್ಬರು ಆಡಿದ್ದು ನನಗೆ ಕೇಳಿಸ್ತು. ನನ್ನ ಹೇಳಿಕೆ ಬೇಕೋ ಬೇಡ್ವೋ ನೀವು ತೀರ್ಮಾನ ಮಾಡಿ. ಆದ್ರೆ ಕೇಳಿದ್ದನ್ನ ಒಳಗಿಟ್ಕೊಂಡು ನಾನು ನಡಾವಳಿ ಬರೆಯೋಕಾಗಲ್ಲ. ಸಾಕ್ಷಿ ಹೇಳಿದ್ರಂತೂ ಖಂಡಿತ ಬರೆಯೋ ಹಾಗಿಲ್ಲ."

ಸಂಘದ ಕಾರ್ಯದರ್ಶಿಯ ಮುಖದ ತುಂಬ ನಗು ಹಬ್ಬಿತು. ಇಸ್ತ್ರಿಯಮ್ಮ ಕಟ್ಟು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡಳು. ಸೂಪರ್‌ವೈಸರು ತಲೆ ಎತ್ತಿ ಅಕ್ಕನನ್ನು ನೋಡಿದ. ಆ ನೋಟದಲ್ಲಿ ಕೋಪ ಇದ್ದಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ನೀವೂನಾ ಅಕ್ಕ," ಅಂದ.

ಅಧಿಕಾರಿಗಳಿಗೆ ಇದು ಇಷ್ಟವಾಗಲಿಲ್ಲ. ಬರೆಯುವವರು ಬಾಯಿ ಬಿಡುವ ಹಾಗಿಲ್ಲ ಅಂದರು. ಅದಕ್ಕೇ ಪೆನ್ನು ವಾಪಸ್ ಕೊಡುತ್ತಿದ್ದೇನೆ ಅಂದಳು. ಕಾರ್ಯದರ್ಶಿ, ಸಾಕ್ಷಿ ಇದ್ದೂ ಕೇಳದೆ ಬಿಟ್ಟರೆ ಅದನ್ನೂ ನಡಾವಳಿಯಲ್ಲಿ ಬರೆಸುತ್ತೇನೆ ಅಂದ. ಕೊನೆಗೆ ಉಗ್ರಾಣದ ಗುಮಾಸ್ತನನ್ನು ಕರೆಸಿದರು. ಹೊಸ ಹಾಳೆಯ ಮೇಲೆ ಮೊದಲ ಸಾಲು: ಬರೆಯುವವರು ಬದಲಾಗಿದ್ದಾರೆ, ಸಮಯ ಇಷ್ಟು, ಕಾರಣ ಹಿಂದಿನವರು ಸಾಕ್ಷಿ ಹೇಳಲಿದ್ದಾರೆ. ಅಕ್ಕ ನಡುವಿನ ಕುರ್ಚಿ ಬಿಟ್ಟುಕೊಟ್ಟು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಬಂದಳು. ಅಲ್ಲಿಂದ ನೋಡಿದರೆ ಕೋಣೆಯೇ ಬೇರೆ ಥರ ಕಾಣುತ್ತಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದರು.

ಮಾತು ಹೇಗೆ ಹೇಳಬೇಕು ಅಂತ ಅವಳಿಗೆ ಗೊತ್ತಿತ್ತು. ಕೇಳಿದ್ದನ್ನೆಲ್ಲ ಕೇಳಿದ ಕ್ರಮದಲ್ಲೇ ಹೇಳಿದಳು. ಕೈ ಹೇಗಿದೆ ಅಂತ ಕೇಳಿದ್ದು. ಕಟ್ಟು ಅಂದದ್ದು ನಾನೇ, ತಂತಿ ಕೊಟ್ಟದ್ದೂ ನಾನೇ ಅಂದದ್ದು. ರಿಪೇರಿಗೆ ಎರಡು ಚೀಟಿ ಬರೆದದ್ದು, ಮೇಲಿನವರು ಕಿವಿಗೆ ಹಾಕಿಕೊಳ್ಳದೆ ಹೋದದ್ದು. ಒಂದೂವರೆ ವರ್ಷದ ಮಾತು. ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿತು ಅಂತಲೂ ಹೇಳಿದಳು. ಬಿಡುವಿನಲ್ಲಿ ಎದ್ದು ಹೋದದ್ದು ತನ್ನ ತಪ್ಪು ಅಂತಲೂ ಹೇಳಿದಳು, ಅದನ್ನು ಯಾರೂ ಕೇಳಿರಲಿಲ್ಲ.

ಗುಮಾಸ್ತ ಚುರುಕು ಕೈಯವನು. ಮೂರೇ ನಿಮಿಷದಲ್ಲಿ ಬರೆದು ಹಾಳೆ ಅವಳ ಮುಂದಿಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಮಾತನ್ನು ಇನ್ನೊಬ್ಬರ ಅಕ್ಷರದಲ್ಲಿ ಓದಿದಳು.

"ಗಾರ್ಡು ಕಟ್ಟಲು ತಾವೇ ಆದೇಶಿಸಿದ್ದಾಗಿ ಮತ್ತು ತಂತಿ ನೀಡಿದ್ದಾಗಿ ಸೂಪರ್‌ವೈಸರು ದೂರುದಾರರ ಮುಂದೆ ಒಪ್ಪಿಕೊಂಡಿದ್ದನ್ನು ಸಾಕ್ಷಿ ಸ್ಪಷ್ಟವಾಗಿ ಕೇಳಿರುತ್ತಾರೆ."

ಅಷ್ಟೇ. ಮತ್ತೊಮ್ಮೆ ಓದಿದಳು. ಹಿಂದೆ ತಾನು ಹೀಗೇ ಬರೆದಿದ್ದಳಲ್ಲ ಆ ಕಾವಲುಗಾರನಿಗೆ, ವಾಕ್ಯ ಎಷ್ಟು ಚೆನ್ನಾಗಿ ಮುಗಿದಿದೆ.

"ಚೀಟಿ ವಿಷ್ಯ ಇಲ್ವಲ್ಲಪ್ಪ ಇದ್ರಲ್ಲಿ."

"ಸಾರ ಬರೆದೆ ಅಕ್ಕ. ನೀವೇ ಹೇಳಿಕೊಟ್ಟಿದ್ದಲ್ವಾ, ಸಾರ ಸಾಕು ಅಂತ."

"ಕೈ ಹೆಂಗಿದೆ ಅಂತ ಕೇಳಿದ್ದೂ ಇಲ್ಲ. ನಾನು ಮುಖ ನೋಡ್ಲಿಲ್ಲ ಅಂದಿದ್ದೂ ಇಲ್ಲ."

ಅಧಿಕಾರಿ ಗಂಟಲು ಸರಿಮಾಡಿಕೊಂಡರು. ರಿಪೇರಿ ಚೀಟಿ ಇವತ್ತಿನ ವಿಷಯ ಅಲ್ಲ, ಅದು ಬೇರೆ ವಿಭಾಗದ್ದು, ಸಾಕ್ಷಿಯ ಮುಖ್ಯ ಅಂಶ ಬಂದಿದೆಯಲ್ಲ ಅಂದರು. ಕಾರ್ಯದರ್ಶಿಯಂತೂ ಅವಳ ಕಡೆ ಬಗ್ಗಿ, ಮೆಲ್ಲಗೆ, "ಬಿಡಿ ಅಕ್ಕ, ಅದು ಸೇರಿದ್ರೆ ಇವರ ಮೇಲಿನ ತಪ್ಪು ಸಡಿಲ ಆಗುತ್ತೆ. ನಮ್ ಹೆಣ್ಮಗಳು ಗೆದ್ಲು, ಸಹಿ ಹಾಕಿ" ಅಂದ. ಬೆಳಗ್ಗೆಯಿಂದ ಕಚ್ಚಾಡಿದ ಎರಡೂ ಕಡೆ ಈ ಒಂದು ವಿಷಯಕ್ಕೆ ಒಂದಾಗಿತ್ತು. ಸೂಪರ್‌ವೈಸರು ಮಾತ್ರ ಎತ್ತಲೋ ನೋಡುತ್ತಿದ್ದ, ಇನ್ನು ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಅವಳಿಗೆ ಸಹಿ ಹಾಕಿ ಎದ್ದು ಹೋಗಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಹಾಕಿದರೆ ಇಸ್ತ್ರಿಯಮ್ಮನ ಕೆಲಸ ಉಳಿಯುತ್ತದೆ, ಅಧಿಕಾರಿಗೂ ಸಂತೋಷ, ಸಂಘಕ್ಕೂ ಸಂತೋಷ. ಹಾಕದಿದ್ದರೆ ತನ್ನ ಹೇಳಿಕೆಯೇ ಬಿದ್ದುಹೋದರೂ ಹೋಯಿತು, ಜೊತೆಗೆ ಆ ಹೆಂಗಸಿನ ಅನ್ನವೂ.

"ನಾನು ಹೇಳಿದ್ದು ಪೂರ್ತಿ ಬರೋವರೆಗೂ ಸಹಿ ಹಾಕಲ್ಲ ಸಾರ್. ಅರ್ಧ ಕೇಳಿಸ್ಕೊಂಡೆ ಅಂತ ನಾನು ಹೇಳಿಲ್ಲ."

"ಆಮೇಲೆ ಇದನ್ನ ಪರಿಗಣಿಸೋಕಾಗಲ್ಲ ಅಂದ್ರೆ?" ಅಧಿಕಾರಿಯ ದನಿ ಗಡುಸಾಯಿತು.

ಅವಳು ಇಸ್ತ್ರಿಯಮ್ಮನ ಕಡೆ ನೋಡಲಿಲ್ಲ. ನೋಡಲು ಧೈರ್ಯ ಸಾಲಲಿಲ್ಲ. ಆದರೆ ಮಾತು ಬಂದದ್ದು ಆ ಕಡೆಯಿಂದಲೇ.

"ಚೀಟಿ ವಿಷ್ಯ ಅವರು ಹೇಳಿದ್ದು ಹೌದು ಸಾರ್," ಅಂದಳು ಇಸ್ತ್ರಿಯಮ್ಮ. "ನನಗೂ ಹೇಳಿದ್ರು. ಬರ್ಕೊಳ್ಳಿ. ಅವರು ಕೈ ಹೆಂಗಿದೆ ಅಂದಿದ್ದೂ ಹೌದು." ಕಾರ್ಯದರ್ಶಿ ಅವಳ ತೋಳು ಮುಟ್ಟಿದ. ಅವಳು ತೋಳು ಬಿಡಿಸಿಕೊಂಡಳು.

ಎರಡು ಬಾಯಿಂದ ಒಂದೇ ಮಾತು ಬಂದ ಮೇಲೆ ಅಧಿಕಾರಿಗಳಿಗೆ ದಾರಿ ಉಳಿಯಲಿಲ್ಲ. ಗುಮಾಸ್ತ ಮುಖ ಸಿಂಡರಿಸಿಕೊಂಡು ಆ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಹೊಸ ಸಾಲುಗಳನ್ನು ಬರೆದ. ಬಿಟ್ಟುಹೋದದ್ದೆಲ್ಲ ಸೇರಿತು. ಅಕ್ಕ ಓದಿ ಸಹಿ ಹಾಕಿದಳು. ಗೆರೆ ಎಳೆದಲ್ಲಿ ಇಸ್ತ್ರಿಯಮ್ಮ ಎಡಗೈಯಲ್ಲಿ ಸೊಟ್ಟಗೆ ಚಿಕ್ಕ ಸಹಿ ಹಾಕಿದಳು. ಇನ್ನು ಹಾಳೆ ಹೋಗಬೇಕಾದದ್ದು ಸೂಪರ್‌ವೈಸರ ಮುಂದೆ.

ಈ ಹೇಳಿಕೆಯನ್ನು ಒಪ್ಪುತ್ತೀರೋ, ಅಲ್ಲ ಅಂತ ಬರೆಸುತ್ತೀರೋ, ಸಾಕ್ಷಿಯನ್ನು ಏನಾದರೂ ಕೇಳುವುದಿದೆಯೋ ಅಂತ ಅಧಿಕಾರಿ ಕೇಳಿದರು. ಅವನು ಕನ್ನಡಕ ತೆಗೆದ. ಅಂಗಿಯ ಅಂಚಿನಿಂದ ಒಂದು ಗಾಜು ಒರೆಸಿದ, ಇನ್ನೊಂದು ಒರೆಸಿದ, ಹಾಕಿಕೊಂಡ. ಹಾಳೆ ಹತ್ತಿರ ಎಳೆದುಕೊಂಡು ಮೊದಲ ಸಾಲಿನ ಕೆಳಗೆ ತೋರುಬೆರಳಿಟ್ಟ. ಬೆರಳು ನಿಧಾನವಾಗಿ ಜರುಗಿತು. ತುಟಿ ಅಲ್ಲಾಡುತ್ತಿತ್ತು. ಗೆರೆ ಎಳೆದ ಸಾಲನ್ನೂ ಓದಿದ. ಚೀಟಿಯ ಮಾತು ಬಂದಲ್ಲಿ ಬೆರಳು ನಿಂತಿತು, ಬಹಳ ಹೊತ್ತು.

"ಚೀಟಿ ನಂಬರು ನನ್ ಡೈರಿಲಿದೆ," ಅಂದ ಕೊನೆಗೆ. "ತಾರೀಖೂ ಇದೆ. ಅದನ್ನೂ ಸೇರಿಸ್ತೀರಾ ಸಾರ್? ಹೇಳಿದ್ದು ನಾನೇ. ಕಟ್ಟು ಅಂದಿದ್ದೂ ನಾನೇ. ಅದಕ್ಕೂ ಸೇರಿಸಿ ಸಹಿ ಹಾಕ್ತೀನಿ."

ಗುಮಾಸ್ತ ಬರೆದ. ಈ ಸಲ ಏನನ್ನೂ ಬಿಡಲಿಲ್ಲ.

ತೀರ್ಮಾನವನ್ನು ಅವತ್ತೇ ಹೇಳುವ ಪದ್ಧತಿ ಇಲ್ಲ. ನಡಾವಳಿಯ ಒಂದೊಂದು ಪ್ರತಿ ಎರಡೂ ಕಡೆಗೆ ಕೊಟ್ಟು, ಲಿಖಿತವಾಗಿ ತಿಳಿಸುತ್ತೇವೆ ಅಂದು ಎದ್ದರು. ಮೆಟ್ಟಿಲ ಹತ್ತಿರ ಇಸ್ತ್ರಿಯಮ್ಮ ಓಡಿ ಬಂದು ಅಕ್ಕನ ಕೈ ಹಿಡಿದಳು. ದೇವರ ಥರ ಬಂದ್ರಿ ಅಂತೇನೋ ಹೇಳಲು ಹೊರಟಳು. ಅಕ್ಕ ಕೈ ಬಿಡಿಸಿಕೊಂಡು, ನಾನು ನಿನ್ನ ಪರ ಬಂದವಳಲ್ಲಮ್ಮ, ಮೊದಲು ಆ ಕೈಗೆ ಹೊಸ ಕಟ್ಟು ಹಾಕಿಸ್ಕೋ ಅಂದಳು. ಮಾತು ತಾನು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು. ಮನೆಗೆ ಹೋದಾಗ ಬಾಟಲಿ ಇನ್ನೂ ಅಡುಗೆಕಟ್ಟೆಯ ಮೇಲೇ ಇತ್ತು. ಅತ್ತೆ ಅದನ್ನು ತೋರಿಸಿ, ನೀರಿಲ್ದೆ ಹೆಂಗಿದ್ದೆ ದಿನವೆಲ್ಲ ಅಂತ ಕೇಳಿದರು. ಅವಳು ಬಾಟಲಿಯ ನೀರನ್ನು ನಿಂತ ಹಾಗೇ ಪೂರ್ತಿ ಕುಡಿದಳು.

ಒಂಬತ್ತನೇ ದಿನ ತೀರ್ಮಾನ ಬಂತು. ಬಂದದ್ದು ಅವಳ ಮೇಜಿಗೇ, ಟಪಾಲು ಅಲ್ಲವೇ. ಮೂರು ಲಕೋಟೆ. ಇಸ್ತ್ರಿಯಮ್ಮನ ಮೆಮೊ ವಾಪಸ್. ಯಂತ್ರದ ಗಾರ್ಡು ರಿಪೇರಿ ಆಗುವವರೆಗೆ ಓಡಿಸಬಾರದು ಅಂತ ರಿಪೇರಿ ವಿಭಾಗಕ್ಕೆ ಒಂದು. ಮೂರನೆಯದು ಸೂಪರ್‌ವೈಸರಿಗೆ: ಕೆಲಸದಿಂದ ತೆಗೆದಿರಲಿಲ್ಲ, ಚೀಟಿಗಳು ಸಿಕ್ಕಿದ್ದವು. ಆದರೆ ಒಗೆಯುವ ವಿಭಾಗದಿಂದ ತೆಗೆದು ಹಳೆ ಕಡತಗಳ ಕೋಣೆಗೆ ಹಾಕಿದ್ದರು, ಅಧಿಕಾರವಿಲ್ಲದ ಕುರ್ಚಿಗೆ. ಮುಂದಿನ ವಿಚಾರಣೆಗಳಿಗೆ ಉಗ್ರಾಣದ ಗುಮಾಸ್ತನೇ ಬರೆಯುತ್ತಾನೆ ಅಂತ ಬಾಯಿಮಾತಿನಲ್ಲಿ ಆಗಲೇ ತಿಳಿದಿತ್ತು. ಅದಕ್ಕೆ ಲಕೋಟೆ ಇರಲಿಲ್ಲ. ನೀರಿನ ಫಿಲ್ಟರಿನ ಹತ್ತಿರ ಅವಳು ಹೋದರೆ ಈಗ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು.

ಮಧ್ಯಾಹ್ನ ಸೂಪರ್‌ವೈಸರು ಕಿಟಕಿಗೆ ಬಂದ. ಅವಳು ಲಕೋಟೆ ಮತ್ತು ಟಪಾಲು ಪುಸ್ತಕ ಎರಡನ್ನೂ ಮುಂದಕ್ಕೆ ತಳ್ಳಿದಳು. ಏನಾದರೂ ಹೇಳಬೇಕು ಅಂತ ಬೆಳಗ್ಗೆಯಿಂದ ಮಾತು ಜೋಡಿಸಿಟ್ಟಿದ್ದಳು. ಅವನು ಸಹಿ ಹಾಕುವ ಜಾಗ ಅವಳೇ ಬೆರಳಿನಿಂದ ತೋರಿಸಿದಳು. ಎಲ್ಲರೂ ಅಲ್ಲಿ ಗೀಚಿ ಹೋಗುತ್ತಾರೆ.

ಅವನು ಗೀಚಲಿಲ್ಲ. ಕನ್ನಡಕ ತೆಗೆದು ಒರೆಸಿದ. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಕ್ರಮಸಂಖ್ಯೆ, ತಾರೀಖು, ಯಾರಿಂದ, ಯಾರಿಗೆ, ಒಂದೊಂದಾಗಿ ಬೆರಳಿಟ್ಟು ಓದಿದ. ಹಿಂದೆ ಇಬ್ಬರು ಸಾಲಿನಲ್ಲಿ ನಿಂತು ಗೊಣಗುತ್ತಿದ್ದರು.

"ಓದೇ ಸಹಿ ಹಾಕ್ತೀನಿ ಅಕ್ಕ, ಈಗೀಗ," ಅಂದ, ತಲೆ ಎತ್ತದೆ.

"ಓದಿ," ಅಂದಳು ಅವಳು. "ಕಾಯ್ತೀನಿ."